ಮುಳ್ಳು ಏರುತ್ತಾ, ಇಳಿಯುತ್ತಾ?

"ನಿಮ್ಮ ಅಂಗಡೀಲಿ ಒಟ್ಟು ಎಷ್ಟು ಜನ ಇದ್ದೀರಮ್ಮಾ? ಎಲ್ಲರನ್ನೂ ಒಂದು ಕಡೆ ಕೂರಿಸು. ಒಂದೇ ಸಲ ಹೇಳ್ಬಿಡ್ತೀನಿ."

ಇಷ್ಟು ಹೇಳಿ ಅವರು ಫೋನ್ ಇಟ್ಟರು. ನಾನು ಕೇಳಿದ್ದು ಒಂದೇ ಮಾತು, "ಮೋಟ್ರು ಎಷ್ಟು ಎಚ್‌ಪಿ ಯಜಮಾನ್ರೇ?"

ಚಿತ್ರದುರ್ಗದಲ್ಲಿ ನಮ್ಮದು ಪಂಪು, ಪ್ಯಾನಲ್ ಬೋರ್ಡು ಮಾರುವ ಅಂಗಡಿ. ರಿಪೇರಿಗೆ ಇಬ್ಬರು ಹುಡುಗರಿದ್ದಾರೆ. ಫೋನ್ ಎತ್ತುವುದು, ಯಾರನ್ನು ಯಾವ ತೋಟಕ್ಕೆ ಕಳಿಸಬೇಕು ಅಂತ ನೋಡುವುದು ನನ್ನ ಕೆಲಸ. ಹನ್ನೊಂದು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಬೈಸಿಕೊಳ್ಳುವುದು ಹೊಸದಲ್ಲ. ಆದರೆ ಅವತ್ತಿನ ಬೈಗುಳ ಸ್ವಲ್ಪ ಜಾಸ್ತಿ ಹೊತ್ತು ಕಿವಿಯಲ್ಲಿ ಉಳಿಯಿತು, ಯಾಕೆಂದರೆ ಬೈದವರ ಕಡೆ ನ್ಯಾಯ ಇತ್ತು.

ಅದು 2024ರ ಏಪ್ರಿಲ್. ಹೊಳಲ್ಕೆರೆ ಕಡೆಯ ಒಂದು ಅಡಿಕೆ ತೋಟ. ಮೂರು ವರ್ಷದ ಸಸಿ, ಡ್ರಿಪ್ ಹಾಕಿದ್ದಾರೆ. ಮೋಟ್ರು ಆನ್ ಮಾಡಿದ ಇಪ್ಪತ್ತು, ಇಪ್ಪತ್ತೈದು ನಿಮಿಷಕ್ಕೆ ಸ್ಟಾರ್ಟರ್ ಡಬ್ ಅಂತ ಬಿದ್ದುಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಬಟನ್ ಒತ್ತಿದರೆ ಮತ್ತೆ ಹತ್ತಿಕೊಳ್ಳುತ್ತದೆ, ಮತ್ತೆ ಬೀಳುತ್ತದೆ. ಸಮಸ್ಯೆ ಇಷ್ಟೇ. ಈ ಇಷ್ಟನ್ನು ಅವರು ನನಗಿಂತ ಮುಂಚೆ ನಾಲ್ಕು ಜನರಿಗೆ ಹೇಳಿದ್ದರು. ಮೊದಲು ಊರಿನ ಮೆಕ್ಯಾನಿಕ್. ಆಮೇಲೆ ರಿವೈಂಡಿಂಗ್ ಅಂಗಡಿಯವರು. ಆಮೇಲೆ ನಮ್ಮ ದೊಡ್ಡ ಹುಡುಗ, ಅದೂ ಅವನು ಬೈಕ್ ಮೇಲೆ ಹೋಗುತ್ತಿದ್ದಾಗ. ಮಾರನೇ ದಿನ ನಮ್ಮ ಚಿಕ್ಕ ಹುಡುಗ. ಐದನೆಯವಳು ನಾನು.

ನಾಲ್ಕೂ ಜನ ಕೇಳಿದ್ದು ಅದನ್ನೇ. ಎಷ್ಟು ಎಚ್‌ಪಿ, ಎಷ್ಟು ಅಡಿಗೆ ಇಳಿಸಿದ್ದೀರಿ, ಯಾವ ವರ್ಷದ್ದು, ರಿವೈಂಡ್ ಆಗಿದೆಯಾ, ಕೇಬಲ್ ಯಾವುದು, ವೋಲ್ಟೇಜ್ ಎಷ್ಟು ಬರುತ್ತೆ. ಪ್ರಶ್ನೆಗಳಲ್ಲಿ ತಪ್ಪಿಲ್ಲ, ನಮ್ಮ ಕಸುಬಿನಲ್ಲಿ ಯಾರಾದರೂ ಇದನ್ನೇ ಕೇಳಬೇಕು. ತಪ್ಪು ಇದ್ದದ್ದು, ಒಬ್ಬರೂ ಉತ್ತರ ಬರೆದಿಟ್ಟುಕೊಳ್ಳದೇ ಇದ್ದದ್ದರಲ್ಲಿ. ನಮ್ಮ ಚಿಕ್ಕ ಹುಡುಗ ಇನ್ನೂ ಒಂದು ಕೆಲಸ ಮಾಡಿದ್ದ. "ಇದೊಂದೇ ಕೊನೇ ಪ್ರಶ್ನೆ ಅಜ್ಜಾ" ಅಂತ ಹೇಳಿ ಆಮೇಲೆ ಮೂರು ಕೇಳಿದ್ದ.

ಫೋನ್ ಕಟ್ಟಾದ ಮೇಲೆ ನಾನು ಮೊದಲು ಮಾಡಿದ್ದು ತಪ್ಪು ಕೆಲಸ. ತಕ್ಷಣ ವಾಪಸ್ ಮಾಡಿದೆ. "ತಪ್ಪಾಯ್ತು ಯಜಮಾನ್ರೇ, ಬೇಜಾರ್ ಮಾಡ್ಕೋಬೇಡಿ, ಹುಡುಗರು ಹೇಳಿರಲಿಲ್ಲ, ನಂಗೇನೂ ಗೊತ್ತಿರಲಿಲ್ಲ" ಅಂತ ಒಂದೇ ಉಸಿರಿಗೆ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡರು. ನಾನು ಮುಗಿಸಿ, "ಸರಿ, ಈಗ ಹೇಳಿ, ಎಷ್ಟು ಅಡಿ..." ಅಂದೆ. ಮತ್ತೆ ಕಟ್. ಈ ಸಲ ಬೈಯಲೂ ಇಲ್ಲ.

ತೋಟ ಒಣಗುತ್ತಿರುವವರಿಗೆ ನನ್ನ ಕ್ಷಮೆ ಕಟ್ಟಿಕೊಂಡು ಏನಾಗಬೇಕು? ಹುಡುಗರ ಮೇಲೆ ಹಾಕಿದ್ದಂತೂ ಇನ್ನೂ ಕೆಟ್ಟದ್ದು. ಅವರ ಲೆಕ್ಕಕ್ಕೆ ನಾವೆಲ್ಲ ಒಂದೇ ಅಂಗಡಿ. ಒಂದು ಬಾಯಿಗೆ ಹೇಳಿದ್ದು ಇನ್ನೊಂದು ಕಿವಿಗೆ ಹೋಗಿಲ್ಲ ಅಂದರೆ ಅದು ನಮ್ಮ ಮನೆ ಜಗಳ, ಅವರದ್ದಲ್ಲ.

ಆಮೇಲೆ ಒಂದು ಗಂಟೆ ನಾನು ಅವರಿಗೆ ಫೋನ್ ಮಾಡಲಿಲ್ಲ. ಅವರು ಈಗಾಗಲೇ ಯಾರ್ಯಾರಿಗೆ ಏನೇನು ಹೇಳಿದ್ದಾರೋ ಅದನ್ನೆಲ್ಲ ಒಟ್ಟು ಮಾಡಿದೆ. ದೊಡ್ಡ ಹುಡುಗನನ್ನು ಕೂರಿಸಿ ಕೇಳಿದೆ, ಚಿಕ್ಕವನನ್ನು ಕೇಳಿದೆ. ರಿವೈಂಡಿಂಗ್ ಅಂಗಡಿಯವರು ನಮಗೆ ಗುರುತು, ಅವರಿಗೂ ಫೋನ್ ಮಾಡಿದೆ. ಹಳೇ ಬಿಲ್ ಪುಸ್ತಕದಲ್ಲಿ ಪ್ಯಾನಲ್ ಸಿಕ್ಕಿತು, ಅದನ್ನು ಮಾರಿದ್ದು ನಾವೇ. ಒಂದು ಹಾಳೆ ತುಂಬಿತು. ಏಳೂವರೆ ಎಚ್‌ಪಿ, ತ್ರೀ ಫೇಸ್. ಆರೂವರೆ ಇಂಚಿನ ಬೋರು, 700 ಅಡಿ. ಮೋಟ್ರು ಇಳಿಸಿರುವುದು 540 ಅಡಿಗೆ, ಜಿಐ ಪೈಪಿನಲ್ಲಿ. ಮೋಟ್ರಿನ ಪ್ಲೇಟ್ ಮೇಲೆ 15 ಆಂಪಿಯರ್. ಡಿಒಎಲ್ ಸ್ಟಾರ್ಟರ್. ಅದರಲ್ಲಿ ಆಂಪಿಯರ್ ಜಾಸ್ತಿಯಾದರೆ ಮೋಟ್ರು ನಿಲ್ಲಿಸುವ ರಿಲೇ 15ಕ್ಕೆ ಇಟ್ಟಿದೆ, ಆಟೋದಲ್ಲಿದೆ, ಅಂದರೆ ತಣ್ಣಗಾದ ಮೇಲೆ ತಾನೇ ಸರಿಹೋಗುತ್ತದೆ. ಜೊತೆಗೆ ಮೂರರಲ್ಲಿ ಒಂದು ಫೇಸ್ ಹೋದರೂ ನೀರು ಕಮ್ಮಿಯಾದರೂ ಬೀಳಿಸುವ ಒಂದು ಎಲೆಕ್ಟ್ರಾನಿಕ್ ಡಬ್ಬಿ. ಆ ಡಬ್ಬಿಯ ದೀಪಗಳು ಕೆಟ್ಟು ಒಂದು ವರ್ಷ ಆಗಿದೆ. ದೀಪ ಸರಿ ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಯಾವುದು ಬೀಳಿಸುತ್ತಿದೆ ಅಂತ ಅದೇ ಹೇಳುತ್ತಿತ್ತು.

ದೊಡ್ಡ ಹುಡುಗ ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು ಹೇಳಿದ, "ಅಕ್ಕಾ, ಅವರು ಇನ್ನೊಂದೇನೋ ಹೇಳಿದ್ರು. ರಾತ್ರಿ ಪಾಳಿ ಕರೆಂಟ್ ಇದ್ದ ವಾರ ಏನೂ ತೊಂದ್ರೆ ಇರ್ಲಿಲ್ವಂತೆ."

ನನಗೆ ಕೋಪ ಬಂತು. ಇಡೀ ಹಾಳೆಯಲ್ಲಿ ಅತೀ ಬೆಲೆಬಾಳುವ ಮಾತು ಅದು. ಅವರಾಗಿ ಕೊಟ್ಟಿದ್ದಾರೆ, ಯಾರೂ ಕೇಳದೆ. ನಮ್ಮ ಪ್ರಶ್ನೆಗಳ ಪಟ್ಟಿಯಲ್ಲಿ ಅದಕ್ಕೆ ಜಾಗ ಇರಲಿಲ್ಲ, ಹಾಗಾಗಿ ನಮ್ಮ ಕಿವಿಯಲ್ಲೂ ಜಾಗ ಸಿಗಲಿಲ್ಲ.

ಅದು ಯಾಕೆ ಅಷ್ಟು ದೊಡ್ಡ ಮಾತು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಆ ಬೇಸಿಗೆಯಲ್ಲಿ ಮೋಟ್ರು ನಿಂತರೆ ಎಲ್ಲರ ಬಾಯಲ್ಲೂ ಒಂದೇ ಮಾತು, ಬೋರಿನಲ್ಲಿ ನೀರು ಹೋಗಿದೆ. 2022ರಲ್ಲಿ ಮಾರಿಕಣಿವೆ ಅಣೆಕಟ್ಟು 89 ವರ್ಷದ ಮೇಲೆ ಕೋಡಿ ಬಿದ್ದದ್ದನ್ನು ನೋಡಲು ನಾವೆಲ್ಲ ಹಿರಿಯೂರಿಗೆ ಓಡಿದ್ದೆವು. ಮರುವರ್ಷವೇ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ರಲ್ಲಿ ಬರ ಅಂತ ಸರ್ಕಾರವೇ ಹೇಳಿತು. ಅಂಥ ವರ್ಷದಲ್ಲಿ ಮೆಕ್ಯಾನಿಕ್ "ನೀರು ಕೆಳಗೆ ಹೋಗಿದೆ, ಇನ್ನು ನಾಲ್ಕು ಲೆಂತ್ ಪೈಪು ಇಳಿಸಿ" ಅಂದರೆ ಯಾರು ಎದುರು ಮಾತಾಡುತ್ತಾರೆ? ಆದರೆ ಬೋರಿಗೆ ಹಗಲು ರಾತ್ರಿ ಗೊತ್ತಾಗಲ್ಲ. ಕರೆಂಟು ಹಗಲು ಕೊಟ್ಟರೂ ರಾತ್ರಿ ಕೊಟ್ಟರೂ ಓಡುವ ತಾಸು ಹೆಚ್ಚೂಕಮ್ಮಿ ಅಷ್ಟೇ. ನೀರೇ ಸಾಲದಿದ್ದರೆ ರಾತ್ರಿಯೂ ಬೀಳಬೇಕಿತ್ತು. ಹಗಲು ಮಾತ್ರ ಬೀಳುತ್ತದೆ ಅಂದರೆ ನೀರಿನ ಮೇಲಿನ ಅನುಮಾನ ಪೂರ್ತಿ ಹೋಗದಿದ್ದರೂ ಬಹಳ ಕಮ್ಮಿ ಆಗುತ್ತದೆ.

ಹಾಗಾದರೆ ಹಗಲಿಗೂ ರಾತ್ರಿಗೂ ಏನು ವ್ಯತ್ಯಾಸ? ಎರಡು. ಒಂದು, ಹಗಲು ಒಂದೇ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್ ಮೇಲೆ ಸುತ್ತಲಿನ ಮೋಟ್ರುಗಳೆಲ್ಲ ಓಡುತ್ತವೆ, ಮನೆ ಲೋಡೂ ಇರುತ್ತದೆ, ವೋಲ್ಟೇಜ್ ಕುಸಿಯಬಹುದು. ವೋಲ್ಟೇಜ್ ಕುಸಿದರೆ ಮೋಟ್ರು ಅದೇ ಕೆಲಸ ಮಾಡಲು ಜಾಸ್ತಿ ಆಂಪಿಯರ್ ಎಳೆಯುತ್ತದೆ. ಎರಡು, ಬಿಸಿಲು. ಪ್ಯಾನಲ್ ಇರುವುದು ತಗಡಿನ ಡಬ್ಬಿಯಲ್ಲಿ. ರಿಲೇ ಒಳಗಿರುವುದು ಎರಡು ಲೋಹ ಅಂಟಿಸಿದ ಪಟ್ಟಿ. ಕಾದರೆ ಬಾಗುತ್ತದೆ, ಬಾಗಿದರೆ ಬೀಳಿಸುತ್ತದೆ. ಅದಕ್ಕೆ ಆಂಪಿಯರ್ ಅಂದರೆ ಏನು ಅಂತ ಗೊತ್ತಿಲ್ಲ, ಗೊತ್ತಿರುವುದು ಬಿಸಿ ಮಾತ್ರ. ಆ ಬಿಸಿ ಮೋಟ್ರು ಎಳೆದ ಕರೆಂಟಿನಿಂದ ಬಂತೋ, ಬಿಸಿಲಿನಿಂದ ಬಂತೋ, ಸಡಿಲ ಸ್ಕ್ರೂವಿನಿಂದ ಬಂತೋ ಅದು ವಿಚಾರಿಸುವುದಿಲ್ಲ.

ಇಷ್ಟಕ್ಕೆ ಬಂದು ನಾನು ನಿಂತೆ. ಮುಂದೆ ಹೋಗಲು ಒಂದು ವಿಷಯ ಬೇಕಿತ್ತು. ಅದು ಹಾಳೆಯಲ್ಲಿ ಎಲ್ಲೂ ಇರಲಿಲ್ಲ, ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಸ್ಟಾರ್ಟರ್ ಬೀಳುವ ಮುಂಚಿನ ಎರಡು ಮೂರು ನಿಮಿಷದಲ್ಲಿ ಆಂಪಿಯರ್ ಮೀಟರಿನ ಮುಳ್ಳು ಏನು ಮಾಡುತ್ತದೆ? ಏರುತ್ತಾ, ಇಳಿಯುತ್ತಾ, ಇದ್ದಲ್ಲೇ ಇರುತ್ತಾ?

ಇಳಿದರೆ ನೀರು. ಪಂಪಿಗೆ ಎತ್ತಲು ನೀರಿಲ್ಲ ಅಂದರೆ ಮೋಟ್ರಿಗೆ ಭಾರ ಇಲ್ಲ, ಆಂಪಿಯರ್ ಬೀಳುತ್ತದೆ, ಆ ಎಲೆಕ್ಟ್ರಾನಿಕ್ ಡಬ್ಬಿ ನಿಲ್ಲಿಸುತ್ತದೆ. ಏರಿದರೆ ವೋಲ್ಟೇಜ್, ಇಲ್ಲವೇ ಒಂದು ಫೇಸ್ ಬಲ ಕಳೆದುಕೊಂಡಿದೆ, ಇಲ್ಲವೇ ಕೆಳಗೆ ಪಂಪು ಬಿಗಿಯುತ್ತಿದೆ. ಕದಲದೆ ಇದ್ದು ಬಿದ್ದರೆ ತೊಂದರೆ ಮೇಲೆಯೇ ಇದೆ, ಪ್ಯಾನಲ್‌ನಲ್ಲಿ. ಮೂರಕ್ಕೂ ಮೂರು ಬೇರೆ ದಾರಿ, ಮೂರು ಬೇರೆ ಖರ್ಚು.

ಇಲ್ಲಿ ಒಂದು ಆಸೆ ಹುಟ್ಟುತ್ತದೆ. ಆ ಮನುಷ್ಯ ಆಗಲೇ ಎರಡು ಸಲ ಫೋನ್ ಇಟ್ಟಿದ್ದಾರೆ. ಮತ್ತೆ ಪ್ರಶ್ನೆ ಕೇಳುವ ಬದಲು ಊಹೆ ಮಾಡಿಬಿಡೋಣ, ಕೇಳದೆ ಕೆಲಸ ಮುಗಿಸಿದರೆ ಅವರೂ ಖುಷಿ, ನಾವೂ ಖುಷಿ. ಹೀಗೆ ನಾನು ಒಂದು ಸಲ ಮಾಡಿದ್ದೇನೆ. ಕೆಲವು ವರ್ಷದ ಹಿಂದೆ ಭರಮಸಾಗರದ ಕಡೆಯ ಮೆಕ್ಕೆಜೋಳದ ಹೊಲ, ಹೀಗೇ ಸಿಟ್ಟಾದ ರೈತ. ಕೇಳಲು ಹೆದರಿ "ಮೋಟ್ರು ಎತ್ತಿಸಿಬಿಡಿ" ಅಂದೆ. ಎತ್ತಿಸಿದರು. ಮೋಟ್ರಿಗೆ ಏನೂ ಆಗಿರಲಿಲ್ಲ. ಎತ್ತಿ ಇಳಿಸುವ ಕೂಲಿ ದಂಡ, ಜೊತೆಗೆ ಎತ್ತುವಾಗ ಕೇಬಲ್ ಉಜ್ಜಿ ಹೊಸ ತೊಂದರೆ. ಆಮೇಲೆ ಆ ರೈತ ನಮ್ಮ ಅಂಗಡಿ ಮುಂದೆ ಹಾದು ಹೋದರೂ ಒಳಗೆ ಬರಲಿಲ್ಲ. ಕೇಳಿದ್ದರೆ ಎರಡು ಮಾತು ಬೈಯುತ್ತಿದ್ದರು, ಅಷ್ಟೇ.

ಮೂರನೇ ಸಲ ಫೋನ್ ಮಾಡಿದ್ದು ಸಂಜೆ ಐದರ ಮೇಲೆ, ಹಾಳೆ ಮುಂದೆ ಇಟ್ಟುಕೊಂಡು. ಎತ್ತಿದರು, ಮಾತಾಡಲಿಲ್ಲ. ನಾನೂ ಕ್ಷಮೆ ಕೇಳಲಿಲ್ಲ.

"ಯಜಮಾನ್ರೇ, ನೀವು ಇಲ್ಲೀತನಕ ಹೇಳಿರೋದನ್ನೆಲ್ಲ ಬರ್ಕೊಂಡಿದೀನಿ. ಓದ್ತೀನಿ. ತಪ್ಪಿದ್ರೆ ಮಾತ್ರ ಹೇಳಿ."

ಓದಿದೆ. ಏಳೂವರೆ ಎಚ್‌ಪಿ. ಆ ಕಡೆ ಸದ್ದಿಲ್ಲ. ಬೋರು ಏಳುನೂರು ಅಡಿ. ಸದ್ದಿಲ್ಲ. ಮೋಟ್ರು ಐನೂರ ನಲವತ್ತಕ್ಕೆ.

"ಅರವತ್ತು," ಅಂದರು.

"ಏನು?"

"ಐನೂರ ಅರವತ್ತು ಕಣಮ್ಮ. ಹೋದ ವರ್ಷ ಒಂದು ಲೆಂತ್ ಸೇರಿಸಿದ್ವಿ. ಇಪ್ಪತ್ತೆಂಟು ಲೆಂತ್ ಐತೆ ಈಗ."

ಬರೆದುಕೊಂಡೆ. ಬರೆಯುವಾಗ ಬಾಯಿಬಿಟ್ಟು "ಐನೂರ ಅರವತ್ತು, ಇಪ್ಪತ್ತೆಂಟು ಲೆಂತ್" ಅಂತ ಹೇಳಿಕೊಂಡೇ ಬರೆದೆ, ಅವರಿಗೆ ಕೇಳಲಿ ಅಂತ. ಇದು ನಾನು ಆ ಹೊತ್ತಿಗೆ ಕಂಡ ವಿಷಯ. ಅದೇ ಮನುಷ್ಯನಿಗೆ "ಎಷ್ಟು ಅಡಿ" ಅಂತ ಕೇಳಿದರೆ ಐದನೇ ಸಲದ ಸಿಟ್ಟು ಬರುತ್ತದೆ. ಬರೆದದ್ದನ್ನು ಓದಿದರೆ ತಿದ್ದುತ್ತಾರೆ. ತಿದ್ದುವವರಿಗೆ ಸಿಟ್ಟಿಲ್ಲ, ಅವರು ನಮಗೆ ಹೇಳಿಕೊಡುತ್ತಿದ್ದಾರೆ. ನಮ್ಮ ಲೆಕ್ಕದಲ್ಲಿ ಒಂದು ತಪ್ಪು ಇದ್ದದ್ದೇ ಒಳ್ಳೆಯದಾಯಿತೇನೋ.

ಕೊನೆಗೆ ಓದಿದ್ದು, "ರಾತ್ರಿ ಪಾಳಿ ವಾರದಲ್ಲಿ ತೊಂದರೆ ಇಲ್ಲ, ಹಗಲು ಪಾಳಿ ಬಂದಾಗ ಮಾತ್ರ."

"ಅದನ್ನ ಯಾರೂ ಕಿವಿಗೇ ಹಾಕ್ಕೊಳ್ಳಲಿಲ್ಲ," ಅಂದರು. ದನಿ ಇಳಿದಿತ್ತು.

"ಹೌದು. ಅದು ನಮ್ಮ ತಪ್ಪು. ಅದನ್ನ ಮೊದಲೇ ಬರ್ಕೊಂಡಿದ್ರೆ ನಿಮಗೆ ಇಷ್ಟು ಸಲ ಫೋನ್ ಬರ್ತಿರ್ಲಿಲ್ಲ."

ಇಷ್ಟಾದ ಮೇಲೂ ನಾನು ನೇರ ಪ್ರಶ್ನೆಗೆ ಹೋಗಲಿಲ್ಲ. ಆ ವಿಷಯ ಗೊತ್ತಿಲ್ಲದೆಯೂ ಹೇಳಬಹುದಾದ ಎರಡು ಮಾತು ನನ್ನ ಹತ್ತಿರ ಇದ್ದವು. ಮುಳ್ಳು ಏರಲಿ ಇಳಿಯಲಿ, ಅವು ಬದಲಾಗುವುದಿಲ್ಲ. ಐದು ದಿನದಿಂದ ಅವರು ಎಲ್ಲರಿಗೂ ಹೇಳುತ್ತಲೇ ಇದ್ದರು, ಕೈಗೆ ಒಂದೂ ಸಿಕ್ಕಿರಲಿಲ್ಲ.

ಮೊದಲನೆಯದು, ರಿಲೇಯ ತಿರುಗಣೆ ಮುಟ್ಟಬೇಡಿ. ಊರಿನ ಮೆಕ್ಯಾನಿಕ್ "ಇಪ್ಪತ್ತಕ್ಕೆ ಏರಿಸಿಬಿಡಿ, ಬೀಳಲ್ಲ" ಅಂದಿದ್ದನಂತೆ. ಏರಿಸಿದರೆ ಬೀಳದೇ ಇರಬಹುದು, ನಿಜ. ಆದರೆ ನಿಜವಾಗಿ ಮೋಟ್ರು ಜಾಸ್ತಿ ಎಳೆಯುತ್ತಿದ್ದರೆ ತಡೆಯುವವರು ಯಾರೂ ಇಲ್ಲ, ವೈಂಡಿಂಗ್ ಸುಟ್ಟ ಮೇಲೆಯೇ ನಿಲ್ಲುವುದು. ಎರಡನೆಯದು, ಅದು ಬೀಳುವವರೆಗೆ ಕಾಯಬೇಡಿ. ಹದಿನೈದು ನಿಮಿಷ ಓಡಿಸಿ ನೀವೇ ಆಫ್ ಮಾಡಿ, ಇಪ್ಪತ್ತು ನಿಮಿಷ ಬಿಡಿ, ಮತ್ತೆ ಹಾಕಿ. ಒಂದೊಂದು ಸಲಕ್ಕೆ ಡ್ರಿಪ್ಪಿನ ಒಂದೊಂದು ಲೈನ್ ತೆಗೆದರೆ ಎರಡು ದಿನಕ್ಕೆ ಇಡೀ ತೋಟ ನೆನೆಯುತ್ತದೆ. ಇದು ರಿಪೇರಿ ಅಲ್ಲ, ಸಸಿ ಉಳಿಸಿಕೊಳ್ಳುವ ದಾರಿ.

"ಇದನ್ನ ಮೊದಲೇ ಹೇಳಬಾರದಿತ್ತಾ?" ಅಂದರು. ನಾನು ಉತ್ತರ ಕೊಡಲಿಲ್ಲ. ಹೇಳಬಹುದಿತ್ತು.

ಆಮೇಲೆ ಕೇಳಿದೆ. ಕೇಳುವಾಗ ಮುಂಚೆಯೇ ಹೇಳಿಬಿಟ್ಟೆ, "ಒಂದು ವಿಷಯ ಇನ್ನೂ ಗೊತ್ತಿಲ್ಲ ಯಜಮಾನ್ರೇ. ಇದನ್ನ ನಿಮ್ಮನ್ನ ಯಾರೂ ಕೇಳಿಲ್ಲ, ಇದೇ ಮೊದಲು. ನಾಳೆ ಕರೆಂಟ್ ಬಂದಾಗ ಒಂದೇ ಒಂದು ಸಲ ಅದು ಬೀಳೋತನಕ ಬಿಡಿ. ಹದಿನೈದು ನಿಮಿಷ ಆದ ಮೇಲೆ ಪ್ಯಾನಲ್ ಡಬ್ಬಿ ಮುಂದೆ ನಿಂತು ಆಂಪಿಯರ್ ಮುಳ್ಳು ನೋಡ್ತಾ ಇರಿ. ಬಾಗಿಲು ತೆಗೀಬೇಡಿ, ಮೀಟರು ಹೊರಗಡೆಯೇ ಐತೆ. ಏರುತ್ತಾ, ಇಳಿಯುತ್ತಾ, ಅಲ್ಲೇ ಇರುತ್ತಾ, ಅಷ್ಟೇ."

"ಯಾಕೆ?"

ಈ "ಯಾಕೆ" ಬಂದಾಗ ನನಗೆ ಸಮಾಧಾನ ಆಯಿತು. ಸಿಟ್ಟಿನಲ್ಲಿ ಇದ್ದವರು ಯಾಕೆ ಅಂತ ಕೇಳುವುದಿಲ್ಲ. ಮೂರು ದಾರಿಯನ್ನೂ ಹೇಳಿದೆ. ಇಳಿದರೆ ನೀರು, ಆಗ ಮೆಕ್ಯಾನಿಕ್ ಹೇಳಿದ್ದೇ ಸರಿ, ಆದರೂ ಪೈಪು ಇಳಿಸುವ ಮುಂಚೆ ಗೇಟ್ ವಾಲ್ವ್ ಸ್ವಲ್ಪ ಮುಚ್ಚಿ ನೋಡೋಣ. ಏರಿದರೆ ಹುಡುಗ ಬಂದು ಮೂರು ಫೇಸೂ ಅಳೆಯಬೇಕು, ಟಿಸಿ ಹತ್ತಿರವೂ ನೋಡಬೇಕಾಗಬಹುದು. ಅಲ್ಲೇ ಇದ್ದರೆ ಇಪ್ಪತ್ತೆಂಟು ಲೆಂತ್ ಎತ್ತುವ ಮಾತೇ ಇಲ್ಲ.

ಇನ್ನೊಂದನ್ನೂ ಮುಚ್ಚಿಡಲಿಲ್ಲ. ನಿಮ್ಮ ಮೀಟರಿಗೆ ಸೇರಿರುವುದು ಒಂದೇ ಫೇಸು. ಉಳಿದ ಎರಡರಲ್ಲಿ ಏನಾಗುತ್ತಿದೆ ಅಂತ ಮುಳ್ಳು ತೋರಿಸುವುದಿಲ್ಲ. ಹಾಗಾಗಿ ಅದು ಕದಲದಿದ್ದರೂ ಹುಡುಗ ಬಂದು ಟಾಂಗ್ ಟೆಸ್ಟರ್ ಹಾಕಿ ಮೂರೂ ಫೇಸಿನ ಆಂಪಿಯರ್ ನೋಡಲೇಬೇಕು. ಇದೇ ಕೊನೇ ಪ್ರಶ್ನೆ ಅಂತ ನಾನು ಹೇಳುವುದಿಲ್ಲ. ಆದರೆ ಬರೆದುಕೊಂಡದ್ದನ್ನು ಮತ್ತೆ ಕೇಳುವುದಿಲ್ಲ, ಇದು ಮಾತು.

"ನಿಮ್ಮ ಹುಡುಗ ಕೊನೇದು ಅಂತ ಹೇಳಿ ಮೂರು ಕೇಳಿದ," ಅಂದರು. ಈ ಸಲ ನಕ್ಕರು ಅನ್ನಿಸಿತು, ಖಾತ್ರಿ ಇಲ್ಲ.

ನಾನು ಕೇಳಿದ್ದು ಚಿಕ್ಕ ವಿಷಯ ಅಂತ ಅಂದುಕೊಂಡಿದ್ದೆ. ಅಂಗಡಿಯಲ್ಲಿ ಫ್ಯಾನ್ ಕೆಳಗೆ ಕೂತವಳಿಗೆ ಚಿಕ್ಕದೇ. ಅವರಿಗೆ ಏಪ್ರಿಲ್ ಬಿಸಿಲಲ್ಲಿ ತಗಡಿನ ಡಬ್ಬಿ ಮುಂದೆ ಹತ್ತು ನಿಮಿಷ ನಿಲ್ಲುವುದು, ಅದೂ ಕರೆಂಟ್ ಇರುವ ಹೊತ್ತಲ್ಲಿ. ಆ ಹೊತ್ತಲ್ಲಿ ಡ್ರಿಪ್ಪಿನ ಪೈಪು ಎಲ್ಲಿ ಕಟ್ಟಿಕೊಂಡಿದೆ ಅಂತ ನೋಡುವುದು ಬಿಟ್ಟು ಮುಳ್ಳು ನೋಡು ಅಂದರೆ ಅದೂ ಒಂದು ಕೂಲಿಯೇ. ಐದು ಸಲ ಕೇಳಿಸಿಕೊಂಡ ಮನುಷ್ಯ ಅದಕ್ಕೆ ಒಪ್ಪಿದ್ದು ನನ್ನ ಮಾತಿನ ಚಂದಕ್ಕಲ್ಲ. ಉತ್ತರ ಏನೇ ಬಂದರೂ ಮುಂದೆ ಏನಾಗುತ್ತದೆ ಅಂತ ಅವರಿಗೆ ಗೊತ್ತಾಗಿತ್ತು. ಹಿಂದಿನ ಪ್ರಶ್ನೆಗಳೆಲ್ಲ ಹಾಳು ಬಾವಿಗೆ ಕಲ್ಲು ಹಾಕಿದ ಹಾಗೆ, ಸದ್ದೂ ಬಂದಿರಲಿಲ್ಲ.

ಮಾರನೇ ದಿನ ಹನ್ನೆರಡೂವರೆಗೆ ಅವರೇ ಫೋನ್ ಮಾಡಿದರು.

"ಹದಿಮೂರೂವರೆ," ಅಂದರು. ನಮಸ್ಕಾರ ಇಲ್ಲ, ಏನಿಲ್ಲ. "ಹದಿಮೂರೂವರೆಯಾಗೇ ಇತ್ತು. ಕದಲಲೇ ಇಲ್ಲ. ನಾನು ಕಣ್ಣು ಪಿಳಿ ಅನ್ನದೆ ನೋಡ್ತಿದ್ದೆ. ಡಬ್ ಅಂದ ಮೇಲೇ ಸೊನ್ನೆಗೆ ಬಂತು. ವೋಲ್ಟು ಮುನ್ನೂರ ತೊಂಬತ್ತರ ಮ್ಯಾಲೇ ಇತ್ತು, ನೀನು ಕೇಳಿರ್ಲಿಲ್ಲ, ನಾನೇ ನೋಡ್ದೆ. ನೀರೂ ಕಡೇತನಕ ತುಂಬಾ ಬರ್ತಿತ್ತು."

ನಾನು ಒಂದು ಕೇಳಿದ್ದಕ್ಕೆ ಅವರು ಮೂರು ಕೊಟ್ಟಿದ್ದರು.

ಹದಿನೈದರ ಮೋಟ್ರು ಹದಿಮೂರೂವರೆ ಎಳೆಯುತ್ತಿದೆ, ವೋಲ್ಟೇಜ್ ಪರವಾಗಿಲ್ಲ, ನೀರು ಇದೆ. ಆದರೂ ಬೀಳುತ್ತಿದೆ. ದೊಡ್ಡ ಹುಡುಗನನ್ನು ಅವತ್ತೇ ಕಳಿಸಿದೆ. ಹೋಗುವ ಮುಂಚೆ ಹಾಳೆಯ ಒಂದು ಫೋಟೋ ಅವನ ಮೊಬೈಲಿಗೆ ಹಾಕಿದೆ, ಅಲ್ಲಿ ಹೋಗಿ ಏನನ್ನೂ ಕೇಳಕೂಡದು ಅಂತ ಹೇಳಿ. ಅವನು ಮೂರು ಫೇಸೂ ಅಳೆದ. 13.5, 13.8, 13.4. ಸಮ ಇದೆ. ಆಗ ಕೆಳಗೆ ಏನೂ ಇಲ್ಲ ಅಂತ ಗಟ್ಟಿಯಾಯಿತು. ಮೇನ್ ಆಫ್ ಮಾಡಿ, ಟೆಸ್ಟರ್ ಹಾಕಿ ಕರೆಂಟಿಲ್ಲ ಅಂತ ಖಾತ್ರಿ ಮಾಡಿಕೊಂಡು ರಿಲೇಯ ಸ್ಕ್ರೂಗಳನ್ನು ಒಂದೊಂದಾಗಿ ನೋಡಿದ. ನಡುವಿನ ಫೇಸಿನ ಸ್ಕ್ರೂ ಅರ್ಧ ಸುತ್ತು ಸಡಿಲ. ಅಲ್ಲಿಗೆ ಬರುವ ವೈರಿನ ಹೊದಿಕೆ ಒಂದು ಬೆರಳುದ್ದ ಕಂದು ತಿರುಗಿ ಸೆಡೆದುಕೊಂಡಿದೆ, ವೈರಿನ ತುದಿಗೆ ಒತ್ತಿದ ಲಗ್ ಕಪ್ಪಾಗಿದೆ. ಸಡಿಲ ಜಾಗದಲ್ಲಿ ಕರೆಂಟು ಹರಿದಾಗ ಬಿಸಿ ಹುಟ್ಟುತ್ತದೆ. ಆ ಬಿಸಿ ತಾಮ್ರದಲ್ಲಿ ಹರಿದು ಪಕ್ಕದಲ್ಲೇ ಇರುವ ಪಟ್ಟಿಗೆ ತಾಕುತ್ತದೆ. ರಾತ್ರಿ ಡಬ್ಬಿ ತಣ್ಣಗಿರುತ್ತದೆ, ಹೇಗೋ ತಡೆದುಕೊಳ್ಳುತ್ತದೆ. ಹಗಲು ತಗಡು ಕಾದಿರುತ್ತದೆ, ಎರಡು ಬಿಸಿ ಸೇರಿ ಇಪ್ಪತ್ತು ನಿಮಿಷಕ್ಕೆ ಪಟ್ಟಿ ಬಾಗುತ್ತದೆ.

ಸುಟ್ಟಷ್ಟು ವೈರು ಕತ್ತರಿಸಿ, ಹೊಸ ಲಗ್ ಒತ್ತಿ, ಬಿಗಿ ಮಾಡಿದ. ರಿಲೇಯ ಆ ಟರ್ಮಿನಲ್ ಇನ್ನೂ ಗಟ್ಟಿ ಇತ್ತು. ಅದೂ ಸುಟ್ಟಿದ್ದರೆ ರಿಲೇಯೇ ಬದಲಿಸಬೇಕಿತ್ತು. ಎಲೆಕ್ಟ್ರಾನಿಕ್ ಡಬ್ಬಿ ಬದಲಿಸಿ ಅಂತ ಹೇಳಿ ಬಂದ, ದೀಪ ಇಲ್ಲದ ಡಬ್ಬಿ ಇಟ್ಟುಕೊಂಡರೆ ಮುಂದಿನ ಸಲವೂ ಇದೇ ಪಾಡು. ಪ್ಯಾನಲ್ ಮೇಲೆ ತೆಂಗಿನ ಗರಿ ಹೊದಿಸಿದರು. ಅವತ್ತು ಕರೆಂಟ್ ಹೋಗುವವರೆಗೆ ಮೋಟ್ರು ನಿಲ್ಲಲಿಲ್ಲ.

ಎಲ್ಲಾ ಸಲ ಹೀಗೆ ಆಗುವುದಿಲ್ಲ. ಮೀಟರೇ ಕೆಟ್ಟಿರುತ್ತದೆ, ಮುಳ್ಳು ಅಂಟಿಕೊಂಡಿರುತ್ತದೆ. ಇಲ್ಲ, ತೋಟದಲ್ಲಿರುವವರು ಬೇರೆ, ಫೋನ್ ಮಾಡುವ ಮಗ ಬೆಂಗಳೂರಿನಲ್ಲಿ. ಹಾಗಿದ್ದಾಗ ಎಷ್ಟು ಚೆನ್ನಾಗಿ ಕೇಳಿದರೂ ಉತ್ತರ ಬರುವುದಿಲ್ಲ, ಹುಡುಗನನ್ನೇ ಕಳಿಸಬೇಕು. ಕೆಲವರು ಸಿಟ್ಟಿಗೆ "ಏರುತ್ತೆ ಹೋಗ್ರೀ" ಅಂತ ನೋಡದೆಯೇ ಹೇಳಿಬಿಡುತ್ತಾರೆ. ಅದು ಸುಳ್ಳು ಅಂತ ಗೊತ್ತಾಗುವುದು ಅವರು ತಡ ಮಾಡದೆ ಹೇಳುವುದರಿಂದ. ನಿಜವಾಗಿ ನೋಡಿದವರು ಒಂದು ಅಂಕಿ ಹೇಳುತ್ತಾರೆ.

ಅಂಗಡಿಯಲ್ಲಿ ಈಗ ಒಂದು ರಿಜಿಸ್ಟರ್ ಇದೆ. ಫೋನ್ ಎತ್ತಿದವರು ಬರೆಯಬೇಕು. ಬಲಗಡೆ ಒಂದು ಖಾಲಿ ಕಾಲಂ ಇದೆ, ಅವರಾಗಿ ಹೇಳಿದ ಮಾತಿಗೆ. ಹುಡುಗರು ಮೊದಲ ವಾರ ಅದರಲ್ಲಿ "ತುಂಬಾ ಬೈದರು" ಅಂತ ಬರೆದಿದ್ದರು.

ಜೂನ್‌ನಲ್ಲಿ ಎಲೆಕ್ಟ್ರಾನಿಕ್ ಡಬ್ಬಿ ಹಾಕಲು ದೊಡ್ಡ ಹುಡುಗ ಮತ್ತೆ ಅಲ್ಲಿಗೆ ಹೋದ. ಪ್ಯಾನಲ್ ಬಾಗಿಲ ಒಳಗಡೆ ಬಿಳಿ ಪೇಂಟಿನಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿದ್ದರಂತೆ, ಫೋಟೋ ತೆಗೆದು ಕಳಿಸಿದ. ಏಳೂವರೆ ಎಚ್‌ಪಿ, 560 ಅಡಿ, 28 ಲೆಂತ್, ಪ್ಲೇಟ್ 15, ಓಡುವಾಗ ಹದಿಮೂರೂವರೆ. ಅದರ ಕೆಳಗೆ, ಇನ್ನೂ ದಪ್ಪಗೆ: ಮೊದಲು ಇದನ್ನು ಓದಿ, ಆಮೇಲೆ ಕೇಳಿ.